ಸೆಮಿನಾರಿಗೆ ಹಾಲ್ ಕೊಡುವ ಮುಂಚೆ: ಮಂಡ್ಯ ಜಿಲ್ಲೆಯ ಪದವಿಪೂರ್ವ ಶಿಕ್ಷಣ ಉಪನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉಪನಿರ್ದೇಶಕರೇ,

ನಾನು ಮದ್ದೂರು ಕಡೆಯವಳು. ಊರಿಗೆ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೇನೆ. ಓದಿದ್ದು ಇಲ್ಲಲ್ಲ, ರಷ್ಯಾದಲ್ಲಿ. 2013ರಲ್ಲಿ ಹೋದೆ, 2019ರಲ್ಲಿ ವಾಪಸ್ ಬಂದೆ. ಹೊರಗೆ ಓದಿ ಬಂದವರು ಇಲ್ಲಿ ಬರೆಯಬೇಕಾದ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲ 2020ರ ಡಿಸೆಂಬರಿನಲ್ಲಿ ಪಾಸಾದೆ. ಆಮೇಲೆ ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಿದ ಮೇಲೆ ನನ್ನ ಹೆಸರಿನ ಹಿಂದೆ ಡಾಕ್ಟರ್ ಅಂತ ಹಾಕಿಕೊಳ್ಳುವ ಹಕ್ಕು ಬಂತು. ಇಷ್ಟು ಹೇಳಿದ್ದು ಯಾಕೆಂದರೆ, ಹೊರದೇಶಕ್ಕೆ ಹೋಗಲೇಬೇಡಿ ಅನ್ನುವವಳು ನಾನಲ್ಲ. ನಾನೇ ಹೋಗಿ ಬಂದವಳು, ಅದರಿಂದಲೇ ಅನ್ನ ತಿನ್ನುತ್ತಿರುವವಳು.

ಹೋದ ತಿಂಗಳು ನಮ್ಮ ಬೀದಿಯ ಒಬ್ಬ ಹುಡುಗಿ, ಅವರಪ್ಪನ ಜೊತೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಮಿರಮಿರ ಮಿಂಚುವ ಒಂದು ಬ್ರೋಷರ್. ಅವಳ ಕಾಲೇಜಿನ ಆಡಿಟೋರಿಯಮ್ಮಿನಲ್ಲೇ ಒಂದು ಕನ್ಸಲ್ಟೆನ್ಸಿಯವರು ‘ವಿದೇಶದಲ್ಲಿ ಎಂಬಿಬಿಎಸ್’ ಅಂತ ಸೆಮಿನಾರ್ ಮಾಡಿದ್ದರಂತೆ. ಪ್ರಿನ್ಸಿಪಾಲರು ವೇದಿಕೆ ಮೇಲೆ ಕೂತಿದ್ದರಂತೆ. ನೀಟ್‌ನಲ್ಲಿ ಅವಳಿಗೆ 720ಕ್ಕೆ 312 ಬಂದಿದೆ. ಅರ್ಹತೆಯೇನೋ ಸಿಕ್ಕಿತು, ಆದರೆ ಆ ಅಂಕಕ್ಕೆ ಸರ್ಕಾರಿ ಸೀಟಿನ ಮಾತೇ ಇಲ್ಲ. ಖಾಸಗಿ ಕಾಲೇಜಿನ ಪ್ರೈವೇಟ್ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷದ ಮೇಲೆ. ಬ್ರೋಷರಿನಲ್ಲಿ ಪೂರ್ತಿ ಕೋರ್ಸಿಗೆ 22 ಲಕ್ಷ ಅಂತ ಇತ್ತು. ಅವರಪ್ಪ ವಿ.ಸಿ. ನಾಲೆ ಕೆಳಗಿನ ಎರಡು ಎಕರೆ ಗದ್ದೆಯ ಪತ್ರ ಬ್ಯಾಂಕಿಗೆ ಕೊಡುವುದಕ್ಕೆ ಆಗಲೇ ಮನಸ್ಸು ಮಾಡಿದ್ದರು. ‘ನಿಮ್ಮ ತರಾನೇ ಡಾಕ್ಟ್ರಾಗ್ಬೋದಂತೆ ಅಲ್ವೇನವ್ವ?’ ಅಂದರು.

ನಾವು ಮೂವರೂ ಆ ಬ್ರೋಷರನ್ನು ಸಾಲು ಸಾಲಾಗಿ ಓದಿದೆವು. ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯಲ್ಲಿ ಏನಾಯಿತು ಅನ್ನುವುದೇ ಈ ಪತ್ರ.

ಮೊದಲ ಸಾಲು ದಪ್ಪ ಅಕ್ಷರದಲ್ಲಿತ್ತು: ‘ಎನ್‌ಎಂಸಿ ಅಪ್ರೂವ್ಡ್, ಡಬ್ಲ್ಯುಎಚ್‌ಒ ರೆಕಗ್ನೈಸ್ಡ್’. ಇದರಲ್ಲಿ ಎರಡೂ ಸುಳ್ಳು. ಎನ್‌ಎಂಸಿ ಅಂದರೆ ನಮ್ಮ ದೇಶದ ವೈದ್ಯಕೀಯ ಓದನ್ನು ನಿಯಂತ್ರಿಸುವ ನ್ಯಾಷನಲ್ ಮೆಡಿಕಲ್ ಕಮಿಷನ್. ಅದು ಹೊರದೇಶದ ಯಾವ ಕಾಲೇಜಿಗೂ ಹೀಗೆ ಒಪ್ಪಿಗೆಯ ಮುದ್ರೆ ಒತ್ತುವುದಿಲ್ಲ. ಅದು ಕೆಲವು ಷರತ್ತು ಹಾಕಿದೆ. ನೀವು ಓದಿಬಂದ ಮೇಲೆ, ನಿಮ್ಮ ಓದು ಆ ಷರತ್ತಿಗೆ ಸರಿಹೋಗುತ್ತದಾ ಅಂತ ನೋಡುತ್ತದೆ. ಅಂದರೆ ಒರೆಗೆ ಹಚ್ಚುವುದು ಕಾಲೇಜನ್ನಲ್ಲ, ನಿಮ್ಮನ್ನು. ಅದೂ ಹಣವೆಲ್ಲ ಖರ್ಚಾಗಿ, ಆರು ವರ್ಷ ಕಳೆದ ಮೇಲೆ. ಇನ್ನು ವಿಶ್ವ ಆರೋಗ್ಯ ಸಂಸ್ಥೆ. ಅದು ಯಾವ ಮೆಡಿಕಲ್ ಕಾಲೇಜಿಗೂ ಮಾನ್ಯತೆ ಕೊಡುವ ಸಂಸ್ಥೆಯೇ ಅಲ್ಲ. ಹಿಂದೆ ಅವರದ್ದೊಂದು ಕಾಲೇಜುಗಳ ಡೈರೆಕ್ಟರಿ ಇತ್ತು, ಆ ಹೆಸರನ್ನೇ ಏಜೆಂಟರು ಇವತ್ತಿಗೂ ಉಜ್ಜುತ್ತಿದ್ದಾರೆ.

ಈಗ ಇರುವುದು ವರ್ಲ್ಡ್ ಡೈರೆಕ್ಟರಿ ಆಫ್ ಮೆಡಿಕಲ್ ಸ್ಕೂಲ್ಸ್. wdoms.org ಅಂತ ಹೊಡೆದರೆ ಯಾರು ಬೇಕಾದರೂ ನೋಡಬಹುದು. ಹುಡುಗಿ ತನ್ನ ಫೋನಿನಲ್ಲೇ ಹುಡುಕಿದಳು, ಕಾಲೇಜಿನ ಹೆಸರು ಇತ್ತು. ಅಪ್ಪನ ಮುಖ ಅರಳಿತು. ಆದರೆ ಅಲ್ಲಿ ಹೆಸರಿದೆ ಅಂದರೆ ಇಂಥದ್ದೊಂದು ಕಾಲೇಜು ಇದೆ ಅಂತ ಅರ್ಥ, ಅಷ್ಟೇ. ಪಟ್ಟಿಯಲ್ಲಿ ಇರುವುದನ್ನು ಮಾನ್ಯತೆ ಅಂತ ತಿಳಿಯಬೇಡಿ ಅಂತ ಆ ಡೈರೆಕ್ಟರಿಯವರೇ ಬರೆದುಕೊಂಡಿದ್ದಾರೆ. ವೋಟರ್ ಲಿಸ್ಟಿನಲ್ಲಿ ಹೆಸರಿದ್ದವರೆಲ್ಲ ಎಂಎಲ್‌ಎ ಅಲ್ಲವಲ್ಲ. ಹೆಸರು ಇಲ್ಲದಿದ್ದರೆ ಮಾತ್ರ ಆ ಕಾಲೇಜನ್ನು ಅಲ್ಲಿಗೇ ಬಿಟ್ಟುಬಿಡಬೇಕು.

ಎರಡನೇ ಸಾಲಿನಲ್ಲೇ ನಿಜವಾದ ಗುಂಡಿ ಇತ್ತು. ‘ಕೋರ್ಸಿನ ಅವಧಿ 5 ವರ್ಷ. ಕೊನೆಯ ವರ್ಷದ ಇಂಟರ್ನ್‌ಶಿಪ್ ಸೇರಿ. ಬಯಸಿದವರು ಇಂಟರ್ನ್‌ಶಿಪ್ಪನ್ನು ಬೆಂಗಳೂರಿನ ಆಸ್ಪತ್ರೆಯಲ್ಲೂ ಮಾಡಬಹುದು.’

ನಾನು ಹೋದ ಕಾಲದಲ್ಲಿ ನಿಯಮ ಬೇರೆ ಇತ್ತು. 2021ರ ನವೆಂಬರ್ 18ಕ್ಕೆ ಅದು ಬದಲಾಯಿತು. ಆ ದಿನ ಎನ್‌ಎಂಸಿ ಹೊರಡಿಸಿದ ನಿಯಮಗಳಿಗೆ ಫಾರಿನ್ ಮೆಡಿಕಲ್ ಗ್ರಾಜುಯೇಟ್ ಲೈಸೆನ್ಷಿಯೇಟ್ ರೆಗ್ಯುಲೇಷನ್ಸ್ ಅಂತ ಹೆಸರು. ಕೆಲವೇ ಪುಟ ಇವೆ. ಅದಾದ ಮೇಲೆ ಸೇರುವ ಎಲ್ಲರಿಗೂ ಅದೇ ಕಾನೂನು. ಅದರ ಪ್ರಕಾರ ಓದು ಕನಿಷ್ಠ 54 ತಿಂಗಳು ಇರಬೇಕು. ಅದರ ಜೊತೆಗೆ 12 ತಿಂಗಳ ಇಂಟರ್ನ್‌ಶಿಪ್ಪನ್ನು ಓದಿದ ಸಂಸ್ಥೆಯಲ್ಲೇ ಮಾಡಿರಬೇಕು. ಓದು, ತರಬೇತಿ, ಇಂಟರ್ನ್‌ಶಿಪ್ ಯಾವುದರ ಒಂದು ತುಣುಕನ್ನೂ ಭಾರತದಲ್ಲಾಗಲಿ, ಮೂರನೇ ದೇಶದಲ್ಲಾಗಲಿ ಮಾಡುವಂತಿಲ್ಲ.

ಈಗ ಲೆಕ್ಕ ಹಾಕಿ. ಐದು ವರ್ಷ ಅಂದರೆ 60 ತಿಂಗಳು. 54ಕ್ಕಿಂತ ಜಾಸ್ತಿ ಇದೆಯಲ್ಲ ಅಂತ ಏಜೆಂಟ್ ಹೇಳುತ್ತಾನೆ, ಸೆಮಿನಾರಿನಲ್ಲೂ ಹಾಗೇ ಹೇಳಿದನಂತೆ. ಆದರೆ ಆ 60ರಲ್ಲಿ ಕೊನೆಯ 12 ತಿಂಗಳು ಇಂಟರ್ನ್‌ಶಿಪ್. ಅದನ್ನು ತೆಗೆದರೆ ಓದಿಗೆ ಉಳಿಯುವುದು 48 ತಿಂಗಳು. ಬೇಕಾಗಿರುವುದು 54. ಆರು ತಿಂಗಳು ಕಮ್ಮಿ. ಓದು, ಇಂಟರ್ನ್‌ಶಿಪ್ ಎರಡೂ ಸೇರಿ 66 ತಿಂಗಳು ಆಗಲೇಬೇಕು, ಅಂದರೆ ಐದೂವರೆ ವರ್ಷ. ಫಿಲಿಪೀನ್ಸಿಗೆ ಹೋದ ಎಷ್ಟೋ ಮಕ್ಕಳ ತಲೆನೋವು ಶುರುವಾಗಿದ್ದು ಇದೇ ಲೆಕ್ಕದಿಂದ. ಅಲ್ಲಿ ಡಾಕ್ಟರಾಗುವ ಮೊದಲ ಡಿಗ್ರಿಗೇ ಎಂಡಿ ಅಂತ ಹೆಸರು, ಅದು ನಾಲ್ಕು ವರ್ಷದ್ದು. ಅದಕ್ಕೆ ಮುಂಚೆ ಮಾಡುವ ಬಿಎಸ್ ಅನ್ನುವ ವಿಜ್ಞಾನ ಪದವಿ ಇಲ್ಲಿ ವೈದ್ಯಕೀಯ ಓದು ಅಂತ ಲೆಕ್ಕಕ್ಕೆ ಬರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯ ಇಂಟರ್ನ್‌ಶಿಪ್ ಅಂತೂ ಕೇಳುವುದಕ್ಕೆ ಹಿತವಾಗಿದೆ. ಮಗಳು ಒಂದು ವರ್ಷ ಮೊದಲೇ ಮನೆ ಹತ್ತಿರ ಬರುತ್ತಾಳೆ ಅಂತ ಯಾವ ತಾಯಿಗೆ ಖುಷಿಯಾಗಲ್ಲ? ಆದರೆ ಆ ಖುಷಿಗೆ ಇಡೀ ಡಿಗ್ರಿಯೇ ಹೋಗುತ್ತದೆ. ಇಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಇದೆ ನಿಜ, ಅದು ಬೇರೆ. ಅಲ್ಲಿಯದನ್ನು ಅಲ್ಲೇ ಮುಗಿಸಿ, ಇಲ್ಲಿ ಪರೀಕ್ಷೆ ಪಾಸಾಗಿ, ಆಮೇಲೆ ಮಾಡುವುದು. ಒಂದರ ಬದಲಿಗೆ ಇನ್ನೊಂದಲ್ಲ, ಎರಡೂ ಬೇಕು. ಏಜೆಂಟರು ಈ ಎರಡು ಇಂಟರ್ನ್‌ಶಿಪ್ಪುಗಳನ್ನು ಬೇಕಂತಲೇ ಕಲಸಿ ಹೇಳುತ್ತಾರೆ. ಬಹಳ ಸಲ ಅವರಿಗೇ ಗೊತ್ತಿರುವುದಿಲ್ಲ ಅನ್ನುವುದು ಬೇರೆ ಮಾತು.

ಹುಡುಗಿಯ ಅಪ್ಪ ಆಗ ಕೇಳಿದರು: ‘ಹಂಗಾದ್ರೆ ಆರು ವರ್ಷದ ಕಾಲೇಜಿಗೆ ಹಾಕಿದ್ರೆ ಸರಿಹೋಯ್ತಲ್ಲ?’

ಸರಿಹೋಗಲ್ಲ. ಇನ್ನೊಂದು ಷರತ್ತಿದೆ. ಏಜೆಂಟರು ಅದನ್ನು ಬ್ರೋಷರಿನಲ್ಲಿ ಬರೆಯುವುದೇ ಇಲ್ಲ. ನೀವು ಓದಿದ ದೇಶದಲ್ಲಿ, ಆ ದೇಶದ ಪ್ರಜೆಗೆ ಸಿಗುವಂಥದ್ದೇ ವೈದ್ಯ ಲೈಸೆನ್ಸು ನಿಮಗೂ ಸಿಗುವಂತಿರಬೇಕು. ಅಂದರೆ ಅಲ್ಲಿ ರಿಜಿಸ್ಟರ್ ಆಗಿರಬೇಕು, ಇಲ್ಲವೇ ಅಲ್ಲಿ ಪ್ರಾಕ್ಟೀಸ್ ಮಾಡುವುದಕ್ಕೆ ಅರ್ಹತೆ ಪಡೆದಿರಬೇಕು. ಹೊರಗಿನ ಮಕ್ಕಳಿಗೆ ಅಂತಲೇ ಮಾಡಿದ, ಆ ದೇಶದಲ್ಲೇ ಚಲಾವಣೆಯಾಗದ ಡಿಗ್ರಿ ನಡೆಯುವುದಿಲ್ಲ.

ಇದರ ಭಾರ ಎಷ್ಟು ಅಂತ ನನ್ನ ಕತೆಯಿಂದಲೇ ಹೇಳುತ್ತೇನೆ. ರಷ್ಯಾದಲ್ಲಿ ಎಂಬಿಬಿಎಸ್ ಅನ್ನುವ ಹೆಸರೇ ಇಲ್ಲ. ಆರು ವರ್ಷದ ಕೋರ್ಸು, ಡಿಪ್ಲೊಮಾದಲ್ಲಿ ಜನರಲ್ ಮೆಡಿಸಿನ್ ಅಂತ ಇರುತ್ತದೆ. ಡಿಪ್ಲೊಮಾ ಕೈಗೆ ಬಂದ ತಕ್ಷಣ ಅಲ್ಲಿ ಯಾರೂ ರೋಗಿ ನೋಡುವಂತಿಲ್ಲ. ಪ್ರಾಥಮಿಕ ಅಕ್ರೆಡಿಟೇಶನ್ ಅಂತ ಒಂದು ಪರೀಕ್ಷೆ ಇದೆ. ಮೊದಲು ಕಂಪ್ಯೂಟರಿನಲ್ಲಿ ಪ್ರಶ್ನೆಗಳು, ಆಮೇಲೆ ಗೊಂಬೆಗಳ ಮೇಲೆ ಕೈಚಳಕ, ಆಮೇಲೆ ಇಂಥ ರೋಗಿ ಬಂದರೆ ಏನು ಮಾಡುತ್ತೀರಿ ಅನ್ನುವ ಕೇಸುಗಳು. ಎಲ್ಲ ರಷ್ಯನ್ ಭಾಷೆಯಲ್ಲಿ. 2019ರಲ್ಲಿ ನಮ್ಮ ಬ್ಯಾಚಿನ ರಷ್ಯನ್ ಗೆಳತಿಯರು ಅದಕ್ಕೆ ಕೂತರು, ನಾವು ಊರಿಗೆ ಟಿಕೆಟ್ ತೆಗೆದೆವು. ಆಗಿನ ನಿಯಮಕ್ಕೆ ನಮಗದು ಬೇಕಿರಲಿಲ್ಲ. ಈಗ ಹೋಗುವ ಮಕ್ಕಳು ಹಾಗೆ ಟಿಕೆಟ್ ತೆಗೆದು ಬರುವಂತಿಲ್ಲ. ಲೈಸೆನ್ಸಿನ ಷರತ್ತನ್ನು ಹೇಗೆ ಪೂರೈಸುತ್ತೇವೆ ಅನ್ನುವುದನ್ನು ಕಾಗದದಲ್ಲಿ ತೋರಿಸಬೇಕು.

ಇಲ್ಲೊಂದು ವಿಚಿತ್ರ ನೋಡಿ. ಪಾಠ ಇಂಗ್ಲಿಷಿನಲ್ಲಿ ನಡೆಯಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ಲೈಸೆನ್ಸು ಅಲ್ಲಿಯ ಪ್ರಜೆಗಳಿಗೆ ಸಿಗುವಂಥದ್ದೇ ಆಗಿರಬೇಕು ಅಂತಲೂ ಹೇಳುತ್ತದೆ. ಆದರೆ ಬಹಳ ದೇಶಗಳಲ್ಲಿ ಆ ಲೈಸೆನ್ಸು ಆ ನೆಲದ ಭಾಷೆಯಲ್ಲಿದೆ. ‘ಪೂರ್ತಿ ಇಂಗ್ಲಿಷ್, ಸ್ಥಳೀಯ ಭಾಷೆ ಕಲಿಯುವ ಗೋಜಿಲ್ಲ’ ಅಂತ ಬ್ರೋಷರಿನಲ್ಲಿತ್ತು. ಅದು ಅನುಕೂಲ ಅಂತ ಅಪ್ಪ, ಮಗಳು ಅಂದುಕೊಂಡಿದ್ದರು. ನನ್ನ ಕಣ್ಣಿಗೆ ಇಡೀ ಬ್ರೋಷರಿನಲ್ಲಿ ಹೆಚ್ಚು ಭಯ ಹುಟ್ಟಿಸಿದ ಸಾಲು ಅದೇ.

ಯಾಕೆ ಅಂತ ಹೇಳುತ್ತೇನೆ. ಮೊದಲ ಎರಡು ವರ್ಷ ಅನಾಟಮಿ, ಬಯೋಕೆಮಿಸ್ಟ್ರಿ. ಪುಸ್ತಕ ಇಂಗ್ಲಿಷ್, ಲೆಕ್ಚರ್ ಇಂಗ್ಲಿಷ್, ತೊಂದರೆಯಿಲ್ಲ. ಮೂರನೇ ವರ್ಷ ವಾರ್ಡಿಗೆ ಕಾಲಿಟ್ಟ ದಿನ ಇಂಗ್ಲಿಷ್ ಬಾಗಿಲ ಹೊರಗೇ ನಿಂತಿತು. ಹಾಸಿಗೆ ಮೇಲಿದ್ದ ಅಜ್ಜಿಗೆ ಇಂಗ್ಲಿಷ್ ಬರಲ್ಲ, ಕೇಸ್ ಶೀಟ್ ಬರೆಯುವ ನರ್ಸಿಗೂ ಬರಲ್ಲ. ‘ಶ್ಟೋ ಬಲೀತ್’ ಅಂದರೆ ಏನು ನೋಯುತ್ತಿದೆ ಅಂತ ಕೇಳುವುದು ನನಗೆ ಬರುತ್ತಿತ್ತು. ಅಜ್ಜಿ ಹತ್ತು ನಿಮಿಷ ಉತ್ತರ ಹೇಳಿದಳು. ನನಗೆ ಅರ್ಥವಾಗಿದ್ದು ‘ಹೊಟ್ಟೆ’ ಮತ್ತು ‘ರಾತ್ರಿ’ ಅನ್ನುವ ಎರಡು ಪದ. ಹದಿನೈದು ಜನ ಹಾಸಿಗೆ ಸುತ್ತ ನಿಂತಿದ್ದೆವು. ಮೇಷ್ಟ್ರು ಅವಳ ಹತ್ತು ನಿಮಿಷವನ್ನು ಎರಡು ಇಂಗ್ಲಿಷ್ ವಾಕ್ಯ ಮಾಡಿ ನಮಗೆ ಕೊಟ್ಟರು, ನಾವು ಬರೆದುಕೊಂಡೆವು. ಅದಕ್ಕೆ ಕ್ಲಿನಿಕಲ್ ಪೋಸ್ಟಿಂಗ್ ಅಂತ ಹೆಸರು.

ರೋಗಿಯ ಮಾತಿನಿಂದ ರೋಗವನ್ನು ಬಿಡಿಸಿ ತೆಗೆಯುವುದೇ ಈ ಕೆಲಸದ ಅರ್ಧ ಭಾಗ. ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ, ಯಾವಾಗ ಸುಮ್ನೆ ಕೂತು ಕೇಳಬೇಕು ಅನ್ನುವುದೆಲ್ಲ ಮಾತಿನಲ್ಲೇ ಕಲಿಯುವುದು. ನಮ್ಮ ಬ್ಯಾಚಿನಲ್ಲಿ ರಷ್ಯನ್ ಚೆನ್ನಾಗಿ ಕಲಿತ ಇಬ್ಬರಿದ್ದರು. ಡಾಕ್ಟರುಗಳು ಅವರನ್ನು ಕರೆದು ಕೆಲಸ ಹೇಳುತ್ತಿದ್ದರು, ಹೊಲಿಗೆ ಹಾಕಿಸುತ್ತಿದ್ದರು. ನಾವು ಉಳಿದವರು ಗೋಡೆಗೆ ಒರಗಿ ನಿಂತಿರುತ್ತಿದ್ದೆವು. ಒಂದೇ ಕಾಲೇಜು, ಒಂದೇ ವಾರ್ಡು, ಒಂದೇ ಫೀಸು. ಕಲಿತಿದ್ದು ಮಾತ್ರ ಒಂದೇ ಅಲ್ಲ.

ಹಾಗಾಗಿ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಅಂತ ಏಜೆಂಟ್ ಹೇಳುವ ಸಂಖ್ಯೆಗೆ ನಾನು ಬೆಲೆ ಕೊಡುವುದಿಲ್ಲ. ಸಾವಿರ ಹಾಸಿಗೆ ಇದ್ದರೂ ಹತ್ತಿರ ಬಿಡದಿದ್ದರೆ ಏನು ಬಂತು? ಆ ಹುಡುಗಿಗೆ ಬೇರೆ ದಾರಿ ಹೇಳಿದೆ. ಆ ಕಾಲೇಜಿನಲ್ಲಿ ಈಗ ನಾಲ್ಕನೇ, ಐದನೇ ವರ್ಷದಲ್ಲಿರುವ ಒಬ್ಬರನ್ನು ಹಿಡಿ. ಏಜೆಂಟ್ ಕೊಟ್ಟ ನಂಬರ್ ಬೇಡ, ನೀನೇ ಹುಡುಕು. ‘ಕಾಲೇಜ್ ಹೇಗಿದೆ’ ಅಂತ ಕೇಳಬೇಡ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ‘ಹೋದ ವಾರ ಎಷ್ಟು ಕೇಸ್ ಹಿಸ್ಟರಿ ನೀವೇ ತೆಗೆದಿರಿ, ಯಾವ ಭಾಷೆಯಲ್ಲಿ? ಹಾಸಿಗೆ ಸುತ್ತ ಎಷ್ಟು ಜನ ಇದ್ದಿರಿ? ಕ್ಯಾನುಲಾ ನಿಮ್ಮ ಕೈಯಿಂದ ಹಾಕಿದ್ದೀರಾ, ಎಷ್ಟು ಹೆರಿಗೆ ನೋಡಿದ್ದೀರಿ?’ ಅಂತ ಕೇಳು. ಅವಳು ಹೇಗೋ ಒಬ್ಬ ಕಲಬುರಗಿ ಕಡೆಯ ಹುಡುಗನನ್ನು ಹುಡುಕಿದಳು. ಅವನು ಒಂದು ನಿಮಿಷ ಸುಮ್ಮನಿದ್ದು, ‘ಹೋದ ವಾರ ಅಲ್ಲ, ಈ ಸೆಮಿಸ್ಟರಿನಲ್ಲಿ ಒಂದೂ ಇಲ್ಲ’ ಅಂದನಂತೆ.

ಕ್ಲಿನಿಕಲ್ ಅನುಭವದ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು, ಮಂಡ್ಯದವಳಾಗಿ. ರೋಗಗಳೂ ಊರಿಂದೂರಿಗೆ ಬೇರೆ. ಇಲ್ಲಿ ಇಂಟರ್ನ್‌ಶಿಪ್ಪಿಗೆ ಸೇರಿದ ಮೊದಲ ವಾರ, ರಾತ್ರಿ ಹನ್ನೊಂದರ ಹೊತ್ತಿಗೆ ಕಬ್ಬಿನ ಗದ್ದೆಗೆ ನೀರು ಕಟ್ಟುವುದಕ್ಕೆ ಹೋಗಿದ್ದ ಒಬ್ಬರನ್ನು ತಂದರು. ಕಾಲಿಗೆ ಹಾವು ಕಚ್ಚಿತ್ತು. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಇಲ್ಲೇ ಓದಿದ ಹೌಸ್ ಸರ್ಜನ್, ಒಣಗಿದ ಗಾಜಿನ ಟ್ಯೂಬಿಗೆ ಎರಡು ಎಂಎಲ್ ರಕ್ತ ಹಾಕಿ ಅಲುಗಾಡದಂತೆ ಇಟ್ಟು, ಗಡಿಯಾರ ನೋಡಿದಳು. ಇಪ್ಪತ್ತು ನಿಮಿಷ ಬಿಟ್ಟು ಟ್ಯೂಬನ್ನು ಬಗ್ಗಿಸಿದಳು. ರಕ್ತ ನೀರಿನಂತೆ ಹರಿಯಿತು, ಹೆಪ್ಪುಗಟ್ಟಿರಲಿಲ್ಲ. ‘ಮಂಡಲದ್ದು ಇರ್ಬೇಕು ಅಕ್ಕ, ಎಎಸ್‌ವಿ ಶುರು ಮಾಡೋಣ’ ಅಂದಳು. ಎಎಸ್‌ವಿ ಅಂದರೆ ಹಾವಿನ ವಿಷಕ್ಕೆ ಕೊಡುವ ಔಷಧಿ. ಆರು ವರ್ಷ ಓದಿ ಬಂದಿದ್ದ ನಾನು ಆ ಪರೀಕ್ಷೆಯನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಡೆಂಗಿ, ಗದ್ದೆಗೆ ಹೊಡೆಯುವ ಔಷಧಿ ಕುಡಿದು ಬರುವವರು, ಇವೆಲ್ಲ ನಾನಿದ್ದ ಚಳಿಯ ಊರಿನಲ್ಲಿ ಎಲ್ಲಿಂದ ಬರಬೇಕು? ಅದು ಆ ಕಾಲೇಜಿನ ತಪ್ಪಲ್ಲ. ಅವರು ಅವರ ಊರಿಗೆ ಡಾಕ್ಟರುಗಳನ್ನು ತಯಾರು ಮಾಡುತ್ತಿದ್ದರು.

ಇದೇ ಅಂತರ ಪರೀಕ್ಷೆಯಲ್ಲೂ ಎದ್ದು ಕಾಣುತ್ತದೆ. ಹೊರಗೆ ಓದಿ ಬಂದವರು ಇಲ್ಲಿ ಬರೆಯಬೇಕಾದ್ದು ಎಫ್‌ಎಂಜಿಇ ಅನ್ನುವ ಪರೀಕ್ಷೆ. ಇಲ್ಲಿ ಓದಿದವರಿಗೂ ಹೊರಗೆ ಓದಿದವರಿಗೂ ಸೇರಿ ನೆಕ್ಸ್ಟ್ ಅನ್ನುವ ಒಂದೇ ಪರೀಕ್ಷೆ ತರುತ್ತೇವೆ ಅಂದಿದ್ದರು, 2023ರಲ್ಲಿ ಅದನ್ನು ಮುಂದಕ್ಕೆ ಹಾಕಿದರು. ಎಫ್‌ಎಂಜಿಇ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಒಂದೇ ದಿನ 300 ಪ್ರಶ್ನೆ, 150 ಸರಿ ಇದ್ದರೆ ಪಾಸ್. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕೇಳುವುದಕ್ಕೆ ಸುಲಭ ಅಲ್ವಾ? ಆದರೂ ಬಹಳ ಸಲ ಕೂತವರಲ್ಲಿ ಐವರಿಗೆ ಒಬ್ಬರು ಪಾಸಾದರೆ ಹೆಚ್ಚು. ಚೀನಾದಲ್ಲಿ ಓದಿದವರ ಲೆಕ್ಕವನ್ನು ನಮ್ಮ ರಾಯಭಾರ ಕಚೇರಿಯೇ 2022ರಲ್ಲಿ ಹೇಳಿತ್ತು. 2015ರಿಂದ 2021ರವರೆಗೆ ಪರೀಕ್ಷೆ ಬರೆದ 40,417 ಮಂದಿಯಲ್ಲಿ ಪಾಸಾದವರು 6,387. ನೂರಕ್ಕೆ ಹದಿನಾರು.

ನನ್ನ ಮೊದಲ ಎರಡು ಸೋಲಿಗೆ ಕಾರಣ ನನಗೆ ಗೊತ್ತಿದೆ. ಆ 300ರಲ್ಲಿ 30 ಪ್ರಶ್ನೆ ಕಮ್ಯುನಿಟಿ ಮೆಡಿಸಿನ್‌ದು. ಭಾರತದ ಲಸಿಕೆ ವೇಳಾಪಟ್ಟಿ, ಇಲ್ಲಿಯ ಕ್ಷಯರೋಗ ಕಾರ್ಯಕ್ರಮ, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಷ್ಟು ಜನಸಂಖ್ಯೆ, ಇಂಥವು. ಆರು ವರ್ಷದಲ್ಲಿ ನಾನು ಇದರ ಒಂದಕ್ಷರ ಓದಿರಲಿಲ್ಲ. ಅಲ್ಲಿಗೆ ಹತ್ತನೇ ಒಂದು ಪಾಲು ಹೋಯಿತು. ಫೊರೆನ್ಸಿಕ್‌ನ 10 ಪ್ರಶ್ನೆಯಲ್ಲಿ ನಮ್ಮ ಕಾನೂನು ಬರುತ್ತದೆ, ಅದೂ ಹಾಗೇ. ಮೂರನೇ ಸಲ ನಾನು ಮೊದಲು ಹಿಡಿದಿದ್ದೇ ಈ ಎರಡು ವಿಷಯ.

ಸೆಮಿನಾರಿನಲ್ಲಿ ಅವರು ‘ನಮ್ಮ ಕಾಲೇಜಿನ ಪಾಸಿಂಗ್ ನೂರಕ್ಕೆ ನೂರು’ ಅಂತ ಒಂದು ಸ್ಲೈಡ್ ತೋರಿಸಿದರಂತೆ. ಪರೀಕ್ಷೆ ನಡೆಸುವ ನ್ಯಾಷನಲ್ ಬೋರ್ಡ್ ಆಫ್ ಎಕ್ಸಾಮಿನೇಷನ್ಸ್ 2015ರಿಂದ 2018ರವರೆಗಿನ ಫಲಿತಾಂಶವನ್ನು ಕಾಲೇಜುವಾರು ಹೊರಡಿಸಿತ್ತು. ಅಂಥ ಪಟ್ಟಿಯಲ್ಲಿ ನೂರಕ್ಕೆ ನೂರು ಕಂಡರೆ ಮೊದಲು ಪಕ್ಕದ ಕಾಲಂ ನೋಡಬೇಕು. ಕೂತವರು ಎಷ್ಟು ಜನ? ಇಬ್ಬರು ಕೂತು ಇಬ್ಬರು ಪಾಸಾದರೂ ನೂರಕ್ಕೆ ನೂರೇ. ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ಒಂದೊಂದು ಸಲದ ಫಲಿತಾಂಶದಲ್ಲಿ ಹಳಬರೂ ಹೊಸಬರೂ ಸೇರಿರುತ್ತಾರೆ. ನಾನು ಮೂರು ಸಲ ಕೂತೆ, ಎರಡು ಸಲ ಫೇಲಾದವರ ಲೆಕ್ಕದಲ್ಲಿದ್ದೆ, ಕೊನೆಗೆ ಪಾಸಾದವರ ಲೆಕ್ಕಕ್ಕೆ ಬಂದೆ. ಆದ್ದರಿಂದ ಐವರಲ್ಲಿ ನಾಲ್ವರು ಯಾವತ್ತೂ ಡಾಕ್ಟರಾಗಲ್ಲ ಅಂತ ಅರ್ಥವಲ್ಲ. ಆದರೆ ಪ್ರತಿ ಸೋಲಿಗೆ ಆರು ತಿಂಗಳು ಹೋಗುತ್ತದೆ, ಕೋಚಿಂಗ್ ದುಡ್ಡು ಹೋಗುತ್ತದೆ, ಬ್ಯಾಂಕಿನ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಕೊನೆಗೆ ನಾವು ಬ್ರೋಷರಿನ ಹಿಂಬದಿಯ ಖಾಲಿ ಜಾಗದಲ್ಲಿ ವಯಸ್ಸಿನ ಲೆಕ್ಕ ಬರೆದೆವು. ಈಗ ಹದಿನೆಂಟು. ಸರಿಯಾದ ಆರು ವರ್ಷದ ಕೋರ್ಸಿಗೇ ಸೇರಿದಳು ಅಂದುಕೊಳ್ಳೋಣ, ಒಂದೂ ಬ್ಯಾಕ್ ಇಲ್ಲದೆ ಮುಗಿಸಿದರೆ ಇಪ್ಪತ್ನಾಲ್ಕು. ಡಿಗ್ರಿ ಅಸಲಿ ಅನ್ನುವುದಕ್ಕೆ ಅಪೊಸ್ಟಿಲ್ ಅಥವಾ ರಾಯಭಾರ ಕಚೇರಿಯ ಮುದ್ರೆ ಹಾಕಿಸಿ, ಎರಡನೇ ಸಲಕ್ಕೆ ಎಫ್‌ಎಂಜಿಇ ಪಾಸಾದರೆ ಇಪ್ಪತ್ತೈದು. ಆಮೇಲೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿನಲ್ಲಿ ತಾತ್ಕಾಲಿಕ ನೋಂದಣಿ, ಇಂಟರ್ನ್‌ಶಿಪ್ಪಿಗೆ ಜಾಗ ಹುಡುಕುವುದು. ಕಾಲೇಜುಗಳ ಇಂಟರ್ನ್ ಸೀಟುಗಳಲ್ಲಿ ಹೊರಗಿಂದ ಬಂದವರಿಗೆ ಶೇಕಡಾ 7.5ರ ಮಿತಿ ಅಂತ ಎನ್‌ಎಂಸಿ 2022ರಲ್ಲಿ ಹೇಳಿತ್ತು. ಜಾಗ ಸಿಕ್ಕಿ, ಒಂದು ವರ್ಷ ಮುಗಿಸಿ, ಪಕ್ಕಾ ನೋಂದಣಿ ಆಗುವಾಗ ಇಪ್ಪತ್ತೇಳು ಹತ್ತಿರ. ಬ್ರೋಷರಿನ 22 ಲಕ್ಷ ಹಾಸ್ಟೆಲ್ಲು, ವಿಮಾನ, ವೀಸಾ, ಊಟ, ಕೋಚಿಂಗ್ ಎಲ್ಲ ಸೇರಿ ನಮ್ಮ ಲೆಕ್ಕಕ್ಕೆ 34ಕ್ಕೆ ಬಂತು. ಡಾಲರ್ ಏರದಿದ್ದರೆ. ನಾನು ಹೋಗುವ ಹೊತ್ತಿಗೆ ಡಾಲರಿಗೆ ಅರವತ್ತು ರೂಪಾಯಿ ಆಸುಪಾಸು ಇತ್ತು, ಬರುವಾಗ ಎಪ್ಪತ್ತು. ನಮ್ಮಪ್ಪ ಕೊನೆಯ ವರ್ಷದ ಫೀಸಿಗೆ ಹಸು ಮಾರಿದ್ದು ಆ ಹತ್ತು ರೂಪಾಯಿಗೆ.

ಸರ್, ಈಗ ನಾನು ನಿಮ್ಮ ಹತ್ತಿರ ಕೇಳುವ ವಿಷಯಕ್ಕೆ ಬರುತ್ತೇನೆ.

ಏಜೆಂಟರ ವ್ಯವಹಾರ ನಿಮ್ಮ ಕೈಲಿಲ್ಲ, ನನಗೆ ಗೊತ್ತು. ಆದರೆ ಪಿಯು ಕಾಲೇಜಿನ ಆಡಿಟೋರಿಯಂ ನಿಮ್ಮ ಕೈಲಿದೆ. ಊರಿನ ತಂದೆತಾಯಿ ಆ ಬ್ರೋಷರನ್ನು ನಂಬಿದ್ದು ಅದರ ಅಂದಕ್ಕಲ್ಲ, ಪ್ರಿನ್ಸಿಪಾಲರು ವೇದಿಕೆ ಮೇಲೆ ಕೂತಿದ್ದರಲ್ಲ ಅನ್ನುವುದಕ್ಕೆ. ಹಾಗಾಗಿ ಒಂದು ಸುತ್ತೋಲೆ ಹೊರಡಿಸಿ. ಹೊರದೇಶದ ಮೆಡಿಕಲ್ ಸೀಟಿನ ಬಗ್ಗೆ ಯಾರೇ ಹಾಲ್ ಕೇಳಿದರೂ ಮೊದಲು ಕಾಗದ ತರಲಿ. ಕನ್ಸಲ್ಟೆನ್ಸಿಯ ಲೆಟರ್‌ಹೆಡ್ ಬೇಡ, ವಿಶ್ವವಿದ್ಯಾಲಯದ ಸಹಿಯೇ ಇರಬೇಕು. ಅದರಲ್ಲಿ ಓದಿನ ತಿಂಗಳು ಎಷ್ಟು, ಇಂಟರ್ನ್‌ಶಿಪ್ಪಿನ ತಿಂಗಳು ಎಷ್ಟು ಅಂತ ಬೇರೆ ಬೇರೆ ಬರೆದಿರಬೇಕು. ‘ಒಟ್ಟು ಆರು ವರ್ಷ’ ಅಂತ ಗುಡ್ಡೆ ಹಾಕಿ ಬರೆದಿದ್ದರೆ ವಾಪಸ್ ಕಳಿಸಿ. ಆ ದೇಶದ ಲೈಸೆನ್ಸ್ ಪರೀಕ್ಷೆಯ ಹೆಸರೇನು, ಯಾವ ಭಾಷೆಯಲ್ಲಿದೆ, ಭಾರತದ ಪ್ರಜೆ ಅದನ್ನು ಬರೆಯಬಹುದೇ, ಪಾಸಾದರೆ ಅಲ್ಲಿ ಪ್ರಾಕ್ಟೀಸ್ ಮಾಡಬಹುದೇ ಅನ್ನುವುದಕ್ಕೆ ಆ ದೇಶದ ಆರೋಗ್ಯ ಇಲಾಖೆಯ ಉತ್ತರ ಬೇಕು. ಕೆಲವು ದೇಶಗಳಲ್ಲಿ ಡಿಗ್ರಿಯ ಮೇಲೆ ರೆಸಿಡೆನ್ಸಿ ಅನ್ನುವ ಆಸ್ಪತ್ರೆ ತರಬೇತಿಯೂ ಮುಗಿದರೆ ಮಾತ್ರ ಲೈಸೆನ್ಸು. ಅಲ್ಲಿ ಈ ಪ್ರಶ್ನೆಗೆ ಏಜೆಂಟನ ಹತ್ತಿರ ಉತ್ತರವೇ ಇರುವುದಿಲ್ಲ. ಕ್ಲಿನಿಕಲ್ ವರ್ಷಗಳ ಪಾಠ ಯಾವ ಆಸ್ಪತ್ರೆಯಲ್ಲಿ, ವಾರ್ಡಿನಲ್ಲಿ ಯಾವ ಭಾಷೆ, ಅದನ್ನು ಮಕ್ಕಳಿಗೆ ಎಷ್ಟು ಗಂಟೆ ಕಲಿಸುತ್ತಾರೆ ಅನ್ನುವುದೂ ಅದರಲ್ಲಿರಲಿ. ಸ್ಥಳೀಯ ಭಾಷೆಯನ್ನು ಗಟ್ಟಿಯಾಗಿ ಕಲಿಸುವ ಕಾಲೇಜೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅದು ಮಕ್ಕಳಿಗೆ ಹೊರೆ ಅನ್ನುವವರ ಜೊತೆ ನಾನು ಜಗಳಕ್ಕೂ ಸಿದ್ಧ.

2021ರ ನಿಯಮದ ಮುಖ್ಯ ಪುಟಗಳನ್ನು ಕನ್ನಡಕ್ಕೆ ಮಾಡಿಸಿ ಬಯಾಲಜಿ ಲ್ಯಾಬಿನ ಬಾಗಿಲಿಗೆ ಅಂಟಿಸಿದರೆ ಇನ್ನೂ ಒಳ್ಳೆಯದು. ಅನುವಾದ ನಾನೇ ಮಾಡಿಕೊಡುತ್ತೇನೆ, ಸಂಬಳ ಬೇಡ. ಜೊತೆಗೆ ನೀಟ್ ಬಗ್ಗೆಯೂ ಒಂದು ಸಾಲು ಇರಲಿ. ನೀಟ್‌ನಲ್ಲಿ ಅರ್ಹತೆ ಪಡೆಯದೆ ಹೊರಗೆ ಓದಿದರೆ ಇಲ್ಲಿ ನಡೆಯುವುದಿಲ್ಲ. ಹೊರಗೆ ಸೇರುವುದಕ್ಕೆ ಆ ಅಂಕ ಮೂರು ವರ್ಷ ನಡೆಯುತ್ತದೆ. ‘ಇದೇ ತಿಂಗಳು ಅಡ್ವಾನ್ಸ್ ಕಟ್ಟದಿದ್ದರೆ ಸೀಟು ಹೋಯಿತು’ ಅನ್ನುವವರ ಬೆದರಿಕೆಗೆ ಅದೊಂದೇ ಸಾಲು ಸಾಕು.

ಹುಡುಗಿಯ ಸುದ್ದಿ ಹೇಳಿ ಮುಗಿಸುತ್ತೇನೆ. ಅವಳು ಆ ವಿಶ್ವವಿದ್ಯಾಲಯಕ್ಕೇ ನೇರವಾಗಿ ಇಮೇಲ್ ಬರೆದಳು, 54 ಮತ್ತು 12ರ ಲೆಕ್ಕ ಕೇಳಿದಳು. ಒಂಬತ್ತು ದಿನದ ಮೇಲೆ ಎರಡು ಸಾಲಿನ ಉತ್ತರ ಬಂತು: ಭಾರತದ ನಿಯಮಗಳ ಬಗ್ಗೆ ನಿಮ್ಮ ಪ್ರತಿನಿಧಿಯನ್ನು ಕೇಳಿ ಅಂತ. ಪ್ರತಿನಿಧಿ ಅಂದರೆ ಅದೇ ಕನ್ಸಲ್ಟೆನ್ಸಿ. ಗದ್ದೆಯ ಪತ್ರ ಸದ್ಯಕ್ಕೆ ಬೀರುವಿನಲ್ಲೇ ಇದೆ. ಅವಳು ಈಗ ಆರು ವರ್ಷದ ಬೇರೆ ಎರಡು ಕಾಲೇಜುಗಳಿಗೆ ಅದೇ ಪ್ರಶ್ನೆ ಕಳಿಸಿ ಕಾಯುತ್ತಿದ್ದಾಳೆ. ಜೊತೆಗೆ ಇನ್ನೊಂದು ಸಲ ನೀಟ್ ಬರೆಯುವ ಯೋಚನೆಯೂ ಇದೆ.

ಅದೇ ಕನ್ಸಲ್ಟೆನ್ಸಿಯವರು ಬರುವ ಎರಡನೇ ಶನಿವಾರ ನಮ್ಮ ತಾಲ್ಲೂಕಿನ ಇನ್ನೊಂದು ಕಾಲೇಜಿನ ಹಾಲ್ ಬುಕ್ ಮಾಡಿದ್ದಾರೆ ಅಂತ ಕೇಳಿದೆ. ಸುತ್ತೋಲೆ ಅಷ್ಟರಲ್ಲಿ ಆಗದಿದ್ದರೆ ಪ್ರಿನ್ಸಿಪಾಲರಿಗೆ ಒಂದು ಫೋನ್ ಮಾಡಿಸಿ. ಆ ದಿನ ನನ್ನ ಡ್ಯೂಟಿ ಒಂದು ಗಂಟೆಗೆ ಮುಗಿಯುತ್ತದೆ. ವೇದಿಕೆ ಮೇಲೆ ಕುರ್ಚಿ ಬೇಡ. ಅವರ ಸ್ಲೈಡುಗಳು ಮುಗಿದ ಮೇಲೆ ಐದು ನಿಮಿಷ ಮೈಕ್ ಕೊಡಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಮದ್ದೂರು ತಾಲ್ಲೂಕಿನ ಒಬ್ಬ ಡ್ಯೂಟಿ ಡಾಕ್ಟರ್